ಬಸುರಿಗೆ ಯಾವ ಸ್ಕ್ಯಾನ್ ಆಗಬಹುದು? ಅಲ್ಟ್ರಾಸೌಂಡ್, ಎಕ್ಸ್-ರೇ, ಎಂಆರ್‌ಐ ಪಕ್ಕಪಕ್ಕ ಇಟ್ಟು ನೋಡೋಣ

ನನಗೆ ಬರುವ ಪ್ರಶ್ನೆಗಳು ಹೆಚ್ಚಾಗಿ ಎರಡೇ ಬಗೆ. ಒಂದು, "ಐದು ತಿಂಗಳು, ಕೆಮ್ಮು ಬಿಡ್ತಾನೇ ಇಲ್ಲ, ಡಾಕ್ಟರು ಎದೆ ಎಕ್ಸ್-ರೇ ಬರೆದಿದ್ದಾರೆ, ಅತ್ತೆ ಬೇಡ ಅಂತಾರೆ, ಏನು ಮಾಡಲಿ?" ಇನ್ನೊಂದು, "ಬಸುರಿ ಅಂತ ಗೊತ್ತಿಲ್ಲದೆ ಎಕ್ಸ್-ರೇ ತೆಗೆಸಿಬಿಟ್ಟೆ, ಈ ಮಗು ಇಟ್ಟುಕೊಳ್ಳಬಹುದಾ?" ಎರಡನೆಯದನ್ನು ಕೇಳುವವರ ದನಿ ಆಗಲೇ ಒಡೆದಿರುತ್ತದೆ. ಅವರಿಗಾಗಿ ಉತ್ತರ ಮೊದಲೇ ಹೇಳುತ್ತೇನೆ: ಒಂದೆರಡು ಎಕ್ಸ್-ರೇ ಆಗಿದೆ ಅನ್ನೋ ಕಾರಣಕ್ಕೆ ಮಗು ತೆಗೆಸುವ ಅಗತ್ಯ ಇಲ್ಲ. ಯಾಕೆ ಅನ್ನೋದು ಕೆಳಗೆ ಲೆಕ್ಕದ ಜೊತೆಗೇ ಬರುತ್ತದೆ.

ನಾನು ಡಾಕ್ಟರಲ್ಲ. ಎಕ್ಸ್-ರೇ, ಸಿಟಿ ಕೋಣೆಯಲ್ಲಿ ಮಷಿನ್ ನಡೆಸುವ ಕೆಲಸ ನನ್ನದು. ಸಿಟಿ ಅಂದರೆ ಎಕ್ಸ್-ರೇಯನ್ನೇ ಸುತ್ತಲಿಂದ ಹಾಯಿಸಿ ತೆಗೆಯುವ ಸ್ಕ್ಯಾನ್. ನಿಮಗೆ ಯಾವುದು ಬೇಕು ಅಂತ ಬರೆಯುವವರು ನಿಮ್ಮ ಡಾಕ್ಟರು. ಅವರು ಬರೆದದ್ದು ಯಾಕೆ, ಅದರ ಬದಲು ಬೇರೆ ಏನಾದರೂ ಆಗುತ್ತದಾ, ಎಂದು ನೀವೇ ಕೇಳಿ ತಿಳಿದುಕೊಳ್ಳುವಷ್ಟು ಮಾಹಿತಿ ಇಲ್ಲಿದೆ.

ಮೊದಲು ಅಳತೆಗೋಲು

ಯಾವ ಸ್ಕ್ಯಾನ್ ಆದರೂ ನಾಲ್ಕು ವಿಷಯ ನೋಡಬೇಕು. ಮಗುವಿಗೆ ವಿಕಿರಣ ತಾಗುತ್ತದಾ, ತಾಗಿದರೆ ಎಷ್ಟು? ಡಾಕ್ಟರಿಗೆ ಇರುವ ಅನುಮಾನಕ್ಕೆ ಈ ಸ್ಕ್ಯಾನ್ ಉತ್ತರ ಕೊಡುತ್ತದಾ? ತೆಗೆಸದೆ ಕಾದರೆ ತಾಯಿಗೆ, ಮಗುವಿಗೆ ಏನಾಗಬಹುದು? ನಾಲ್ಕನೆಯದು, ನಿಮ್ಮ ಊರಲ್ಲಿ ಈ ಹೊತ್ತಿಗೆ ಏನು ಸಿಗುತ್ತದೆ, ಎಷ್ಟು ದುಡ್ಡು?

ಮನೆಯಲ್ಲಿ ಚರ್ಚೆ ಆಗುವುದೆಲ್ಲ ಮೊದಲನೆಯದರ ಬಗ್ಗೆ. ನನ್ನ ಅನುಭವದಲ್ಲಿ ಜಾಸ್ತಿ ತೊಂದರೆ ಆಗುವುದು ಮೂರನೆಯದನ್ನು ಮರೆತಾಗ. ಎಕ್ಸ್-ರೇಗೆ ಹೆದರಿ ಮೂರು ವಾರ ಕೆಮ್ಮಿಕೊಂಡು ಕೂತು, ಕೊನೆಗೆ ಉಸಿರಾಡಲು ಕಷ್ಟವಾಗಿ ಬಂದವರನ್ನು ನೋಡಿದ್ದೇನೆ.

ಮೊದಲನೆಯದಕ್ಕೆ ಒಂದು ಅಳತೆ ಬೇಕು. ಮಗುವಿಗೆ ತಾಗುವ ವಿಕಿರಣವನ್ನು ಮಿಲಿಗ್ರೇ ಲೆಕ್ಕದಲ್ಲಿ ಹೇಳುತ್ತಾರೆ. ಎರಡೇ ಸಂಖ್ಯೆ ನೆನಪಿಟ್ಟುಕೊಳ್ಳಿ. ಯಾವ ಸ್ಕ್ಯಾನೂ ಮಾಡಿಸದೆ ಮನೆಯಲ್ಲೇ ಕೂತಿದ್ದರೂ ನೆಲ, ಗಾಳಿ, ಆಕಾಶ, ತಿನ್ನುವ ಆಹಾರದಿಂದ ಒಂಬತ್ತು ತಿಂಗಳಲ್ಲಿ ಮಗುವಿಗೆ ಸುಮಾರು 1 ಮಿಲಿಗ್ರೇಯ ಆಸುಪಾಸು ತಾಗಿಯೇ ತಾಗುತ್ತದೆ. 50 ಮಿಲಿಗ್ರೇಗಿಂತ ಕೆಳಗೆ ಅಂಗವೈಕಲ್ಯವಾಗಲಿ ಗರ್ಭಪಾತವಾಗಲಿ ಹೆಚ್ಚಾದದ್ದು ಕಂಡುಬಂದಿಲ್ಲ. 1 ಮತ್ತು 50, ಈ ಎರಡಕ್ಕೆ ಹೋಲಿಸಿದರೆ ಪ್ರತಿ ಸ್ಕ್ಯಾನೂ ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಾ ಹೋಗೋಣ.

ಅಲ್ಟ್ರಾಸೌಂಡ್: ಯಾಕೆ ಯಾವಾಗಲೂ ಇದೇ ಮೊದಲು

ಇದರಲ್ಲಿ ವಿಕಿರಣವೇ ಇಲ್ಲ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಇಡುವ ಪ್ರೋಬ್ ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಒಳಗೆ ಕಳಿಸುತ್ತದೆ. ಒಳಗಿನಿಂದ ತಿರುಗಿ ಬಂದ ಅಲೆಗಳಿಂದ ಮಷಿನ್ ಚಿತ್ರ ಕಟ್ಟುತ್ತದೆ. ಬಸಿರಿನಲ್ಲಿ ಇದಕ್ಕೆ ಇನ್ನೊಂದು ಅನುಕೂಲವೂ ಇದೆ. ಶಬ್ದ ನೀರಿನಲ್ಲಿ ಚೆನ್ನಾಗಿ ಸಾಗುತ್ತದೆ, ಮಗು ಇರುವುದೇ ನೀರಿನ ಚೀಲದಲ್ಲಿ. ಮಗು ಅಲುಗಾಡುವುದು, ಹೃದಯ ಬಡಿಯುವುದು, ಹೊಕ್ಕುಳ ಬಳ್ಳಿಯಲ್ಲಿ ರಕ್ತ ಹರಿಯುವುದು ಎಲ್ಲ ಆ ಕ್ಷಣದಲ್ಲೇ ಕಾಣುತ್ತದೆ. ಎಕ್ಸ್-ರೇಯಲ್ಲಿ ಇದ್ಯಾವುದೂ ಕಾಣುವುದಿಲ್ಲ, ಬರೀ ಮೂಳೆಗಳ ನೆರಳು.

ಈಗ ನಗು ಬರಬಹುದು, ಆದರೆ ಒಂದು ಕಾಲದಲ್ಲಿ ಬಸುರಿಯರ ಹೊಟ್ಟೆಗೇ ಎಕ್ಸ್-ರೇ ತೆಗೆಯುತ್ತಿದ್ದರು. ಅವಳಿ ಇದ್ದಾವಾ, ಮಗುವಿನ ತಲೆ ಸೊಂಟದ ಮೂಳೆಯ ನಡುವೆ ಹೊರಬರುತ್ತದಾ ಎಂದು ತಿಳಿಯಲು ಬೇರೆ ದಾರಿ ಇರಲಿಲ್ಲ. 1956ರಲ್ಲಿ ಆಕ್ಸ್‌ಫರ್ಡ್‌ನ ಡಾಕ್ಟರ್ ಆಲಿಸ್ ಸ್ಟೀವರ್ಟ್, ಕ್ಯಾನ್ಸರ್‌ನಿಂದ ತೀರಿಕೊಂಡ ಮಕ್ಕಳ ತಾಯಂದಿರನ್ನು ವಿಚಾರಿಸಿದಾಗ, ಅವರಲ್ಲಿ ಬಸಿರಿನಲ್ಲಿ ಹೊಟ್ಟೆಗೆ ಎಕ್ಸ್-ರೇ ತೆಗೆಸಿಕೊಂಡವರು ಜಾಸ್ತಿ ಇರುವುದು ಗೊತ್ತಾಯಿತು. ಮೊದಮೊದಲು ಆಕೆಯ ಮಾತನ್ನು ವೈದ್ಯಲೋಕ ಅಷ್ಟು ಸುಲಭವಾಗಿ ಒಪ್ಪಲಿಲ್ಲ. 1958ರಲ್ಲಿ ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಅವರ ಜೊತೆಗಾರರು ಹೊಟ್ಟೆಯ ಒಳಗನ್ನು ಶಬ್ದದಿಂದ ನೋಡುವ ವಿಧಾನವನ್ನು ಪ್ರಕಟಿಸಿದರು. ಆ ಎರಡು ದಾರಿಗಳು ಕೂಡಿದ ಮೇಲೆ ಹೊಟ್ಟೆಯ ಎಕ್ಸ್-ರೇ ನಿಧಾನಕ್ಕೆ ಮರೆಯಾಯಿತು.

ಸಹಜವಾಗಿ ಸಾಗುವ ಬಸಿರಿಗೆ ಎಷ್ಟು ಸ್ಕ್ಯಾನ್ ಬೇಕು? ನಮ್ಮಲ್ಲಿ ಸಾಮಾನ್ಯವಾಗಿ 6–8 ವಾರಕ್ಕೆ ಒಂದು, 11ರಿಂದ 14ನೇ ವಾರದ ಒಳಗೆ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಎನ್‌ಟಿ ಸ್ಕ್ಯಾನ್, 18–20 ವಾರಕ್ಕೆ ಮಗುವಿನ ಅಂಗಾಂಗಗಳು ಸರಿಯಾಗಿವೆಯಾ ಎಂದು ನೋಡುವ ಅನಾಮಲಿ ಸ್ಕ್ಯಾನ್, ಎಂಟನೇ ತಿಂಗಳ ಸುಮಾರಿಗೆ ಬೆಳವಣಿಗೆಯ ಸ್ಕ್ಯಾನ್. ದುಡ್ಡಿನ ಕಾರಣಕ್ಕೆ ಒಂದೇ ಮಾಡಿಸಲು ಸಾಧ್ಯ ಅನ್ನುವವರು ಅನಾಮಲಿ ಸ್ಕ್ಯಾನ್ ಮಾತ್ರ ಬಿಡಬೇಡಿ. 24 ವಾರದೊಳಗೆ ಕನಿಷ್ಠ ಒಂದು ಸ್ಕ್ಯಾನ್ ಆಗಲೇಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಕೂಡ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಪರೀಕ್ಷೆಗಳು ಉಚಿತ, ಪ್ರತಿ ತಿಂಗಳು 9ನೇ ತಾರೀಕು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ. ತಾಯಿ ಕಾರ್ಡ್ ಹಿಡಿದು ಬೆಳಿಗ್ಗೆ ಬೇಗ ಹೋಗಿ. ಆವತ್ತು ಸ್ಕ್ಯಾನಿಂಗ್ ಡಾಕ್ಟರು ಇರುತ್ತಾರಾ ಅಂತ ಹಿಂದಿನ ದಿನವೇ ಆಶಾ ಕಾರ್ಯಕರ್ತೆ ಹತ್ತಿರ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಖಾಸಗಿಯಲ್ಲಿ ಮಾಮೂಲಿ ಸ್ಕ್ಯಾನಿಗೆ ಸುಮಾರು ಸಾವಿರ, ಅನಾಮಲಿಗೆ ಎರಡು ಮೂರು ಸಾವಿರದ ಹತ್ತಿರ ಆಗುವುದುಂಟು, ಊರಿಂದ ಊರಿಗೆ ಬೇರೆ. ಎಲ್ಲಿ ಹೋದರೂ ಗುರುತಿನ ಚೀಟಿ ಕೇಳಿ ಫಾರ್ಮ್ ಎಫ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಅದು 1994ರ ಲಿಂಗ ಪತ್ತೆ ನಿಷೇಧ ಕಾಯ್ದೆಯ ಪ್ರಕಾರ. ಮಗು ಗಂಡೋ ಹೆಣ್ಣೋ ಎಂದು ಸನ್ನೆಯಲ್ಲಿ ಹೇಳಿದರೂ ಅಪರಾಧ, ಹಾಗಾಗಿ ಕೇಳಲೇಬೇಡಿ.

ಪೂರ್ತಿ ನಿರಪಾಯ, ಎಷ್ಟು ಸಲ ಬೇಕಾದರೂ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಶಬ್ದದ ಅಲೆಗಳಿಂದ ಅಂಗಾಂಶ ಸ್ವಲ್ಪ ಬಿಸಿಯಾಗುತ್ತದೆ. ಮಾಮೂಲಿ ಚಿತ್ರದಲ್ಲಿ ಅದು ಲೆಕ್ಕಕ್ಕಿಲ್ಲ, ಆದರೆ ರಕ್ತದ ಹರಿವು ನೋಡುವ ಡಾಪ್ಲರ್‌ನಲ್ಲಿ ಒಂದೇ ಜಾಗಕ್ಕೆ ಜಾಸ್ತಿ ಶಕ್ತಿ ಬೀಳುತ್ತದೆ. ಅದಕ್ಕೇ ಮೊದಲ ಮೂರು ತಿಂಗಳಲ್ಲಿ ಸುಮ್ನೆ ಡಾಪ್ಲರ್ ಹಾಕುವುದಿಲ್ಲ, ಹೃದಯದ ಬಡಿತವನ್ನು ಎಂ-ಮೋಡ್ ಎಂಬ ಬೇರೆ ವಿಧಾನದಲ್ಲಿ ಎಣಿಸುತ್ತಾರೆ. ಆರು ವಾರದ ಸ್ಕ್ಯಾನಿನಲ್ಲಿ "ಸೌಂಡ್ ಕೇಳಿಸಿ ಡಾಕ್ಟ್ರೇ" ಅಂತ ಹಟ ಹಿಡಿಯಬೇಡಿ. ಆಲ್ಬಮ್‌ಗೆ ಫೋಟೋ ಬೇಕು ಅಂತ ಅರ್ಧ ಗಂಟೆ 4ಡಿ ಸ್ಕ್ಯಾನ್ ಮಾಡಿಸುವುದೂ ಅಷ್ಟೇ. ಹಾನಿ ಆಗಿದೆ ಅಂತ ಯಾರೂ ತೋರಿಸಿಲ್ಲ, ಉಪಯೋಗವೂ ಇಲ್ಲ.

ಒಳಗಿನಿಂದ ಮಾಡುವ ಸ್ಕ್ಯಾನ್ ಅಂದರೆ ಹೆದರುವವರು ತುಂಬಾ ಜನ. ಅದರಿಂದ ಗರ್ಭ ಜಾರುವುದಿಲ್ಲ. ಪ್ರೋಬ್ ಯೋನಿಯಲ್ಲಿ ಸ್ವಲ್ಪ ದೂರ ಹೋಗುತ್ತದೆ ಅಷ್ಟೇ, ಗರ್ಭಕೋಶದ ಒಳಗೆ ಹೋಗುವುದಿಲ್ಲ. ಆರನೇ ವಾರದಲ್ಲಿ ಹೊಟ್ಟೆಯ ಮೇಲಿಂದ ಕಾಣದ್ದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನಳಿಕೆಯಲ್ಲಿ ಗರ್ಭ ನಿಂತಿದೆಯಾ ಎಂಬ ಅನುಮಾನ ಬಂದಾಗ ಜೀವ ಉಳಿಸುವುದೂ ಇದೇ.

ಅಲ್ಟ್ರಾಸೌಂಡಿನ ಮಿತಿ ಬೇರೆಯದು. ಶಬ್ದ ಗಾಳಿಯನ್ನೂ ಮೂಳೆಯನ್ನೂ ದಾಟುವುದಿಲ್ಲ. ಶ್ವಾಸಕೋಶದ ಒಳಭಾಗ, ತಾಯಿಯ ಮೆದುಳು, ಬೆನ್ನುಹುರಿ, ಗ್ಯಾಸ್ ತುಂಬಿದ ಕರುಳು ಇದರ ಕೈಗೆ ಸಿಗುವುದಿಲ್ಲ. ಜೊತೆಗೆ ಪ್ರೋಬ್ ಹಿಡಿದವರ ಕೈಚಳಕದ ಮೇಲೆ ತುಂಬಾ ನಿಂತಿದೆ. ಬೇರೆ ಸ್ಕ್ಯಾನ್ ಬೇಕಾಗುವುದೇ ಈ ಮಿತಿಗಳ ಹತ್ತಿರ.

ಎಕ್ಸ್-ರೇ: ಯಾವ ಭಾಗಕ್ಕೆ ಅನ್ನೋದೇ ಎಲ್ಲ

"ಎಕ್ಸ್-ರೇ ಸರಿಯಾ ತಪ್ಪಾ" ಅಂತ ಒಟ್ಟಾಗಿ ಕೇಳಿದರೆ ಉತ್ತರ ಇಲ್ಲ. ಕಿರಣ ಎಲ್ಲಿಗೆ ಬೀಳುತ್ತದೆ ಅಂತ ಕೇಳಿ. ಎದೆಗೆ ತೆಗೆಯುವಾಗ ಕಿರಣವನ್ನು ಎದೆಯ ಚೌಕಕ್ಕೆ ಮಾತ್ರ ಕತ್ತರಿಸಿರುತ್ತೇವೆ. ಹೊಟ್ಟೆಗೆ ತಲುಪುವುದು ಚದುರಿದ ಚೂರುಪಾರು. ಎದೆ ಎಕ್ಸ್-ರೇಯಿಂದ ಮಗುವಿಗೆ ತಾಗುವುದು ಜಾಸ್ತಿ ಅಂದರೆ 0.01 ಮಿಲಿಗ್ರೇ. ಆ 50ರ ಗಡಿ ಮುಟ್ಟಬೇಕಾದರೆ ಐದು ಸಾವಿರ ಎದೆ ಎಕ್ಸ್-ರೇ ಬೇಕು. ಕೈ, ಕಾಲು, ಹಲ್ಲಿನ ಎಕ್ಸ್-ರೇಯಲ್ಲಿ ಇನ್ನೂ ಕಡಿಮೆ. ಹಲ್ಲು ನೋವಿಗೆ ರೂಟ್ ಕೆನಾಲ್ ಬೇಕಾಗಿದ್ದರೆ ಎಕ್ಸ್-ರೇಗೆ ಹೆದರಿ ಹೆರಿಗೆಯ ತನಕ ನೋವು ನುಂಗಿಕೊಂಡು ಇರಬೇಕಾಗಿಲ್ಲ.

ಹೊಟ್ಟೆ, ಸೊಂಟ, ಕೆಳಬೆನ್ನಿನ ಎಕ್ಸ್-ರೇಯಲ್ಲಿ ಮಗು ನೇರ ಕಿರಣದ ದಾರಿಯಲ್ಲೇ ಇರುತ್ತದೆ. ಕೆಳಬೆನ್ನಿಗೆ 1ರಿಂದ 10 ಮಿಲಿಗ್ರೇ ತನಕ ಆಗಬಹುದು. ಇದೂ 50ರ ಒಳಗೇ, ಹಾಗಾಗಿ ಅಂಗವೈಕಲ್ಯದ ಭಯ ಇಲ್ಲ. ಕ್ಯಾನ್ಸರಿನ ವಿಷಯದಲ್ಲಿ ಮಾತ್ರ "ಇಷ್ಟರ ಕೆಳಗೆ ಸೊನ್ನೆ" ಎನ್ನುವ ಗಡಿ ಇಲ್ಲ ಎಂದು ಇಟ್ಟುಕೊಂಡೇ ಲೆಕ್ಕ ಹಾಕುತ್ತಾರೆ. ಯಾವ ವಿಕಿರಣವೂ ತಾಗದ 10,000 ಮಕ್ಕಳಲ್ಲಿ ಸುಮಾರು 20 ಮಕ್ಕಳಿಗೆ ಬಾಲ್ಯದಲ್ಲಿ ಯಾವುದಾದರೂ ಕ್ಯಾನ್ಸರ್ ಬರುತ್ತದೆ. ಎಲ್ಲರಿಗೂ 10 ಮಿಲಿಗ್ರೇ ತಾಗಿದ್ದರೆ ಆ 20 ಸುಮಾರು 28 ಆಗಬಹುದು. ಎದೆ ಎಕ್ಸ್-ರೇ ಲೆಕ್ಕದಲ್ಲಿ ಹೆಚ್ಚಾಗುವುದು 13 ಲಕ್ಷ ಮಕ್ಕಳಿಗೆ ಒಂದರಷ್ಟು. ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ ನೋಡಿ, ಎರಡಕ್ಕೂ ನಾವು ಕರೆಯುವುದು ಎಕ್ಸ್-ರೇ ಅಂತಲೇ.

ಆದ್ದರಿಂದ ಬಸುರಿಯ ಸಾಮಾನ್ಯ ಬೆನ್ನುನೋವಿಗೆ ಕೆಳಬೆನ್ನಿನ ಎಕ್ಸ್-ರೇ ಬೇಡ. ತೆಗೆದರೂ ಚಿಕಿತ್ಸೆ ಬದಲಾಗುವುದಿಲ್ಲ. ಬಿದ್ದು ಮೂಳೆ ಮುರಿದ ಅನುಮಾನ ಇದ್ದರೆ ಆ ಮಾತು ಬೇರೆ.

ಗೊತ್ತಿಲ್ಲದೆ ತೆಗೆಸಿದವರ ವಿಷಯಕ್ಕೆ ಬರುತ್ತೇನೆ. ಮುಟ್ಟು ತಪ್ಪುವ ಮೊದಲು, ಅಂದರೆ ಗರ್ಭ ಕಟ್ಟಿದ ಮೊದಲ ಎರಡು ವಾರದಲ್ಲಿ, ತುಂಬಾ ದೊಡ್ಡ ಪ್ರಮಾಣದ ವಿಕಿರಣ ಬಿದ್ದರೆ ಗರ್ಭ ನಿಲ್ಲುವುದೇ ಇಲ್ಲ. ನಿಂತರೆ ಸಾಮಾನ್ಯವಾಗಿ ಬೆಳೆಯುತ್ತದೆ. ಅಂಗಾಂಗ ರೂಪುಗೊಳ್ಳುವುದು ಅದರ ನಂತರದ ವಾರಗಳಲ್ಲಿ, ಮೆದುಳಿಗೆ ಹೆಚ್ಚು ಸೂಕ್ಷ್ಮ ಕಾಲ 8ರಿಂದ 15ನೇ ವಾರ. ಆ ಹೊತ್ತಿನಲ್ಲೂ ತೊಂದರೆ ಆಗಲು ಬೇಕಾದ ಪ್ರಮಾಣ ಮಾಮೂಲಿ ಎಕ್ಸ್-ರೇಗಿಂತ ಎಷ್ಟೋ ಪಟ್ಟು ಹೆಚ್ಚು. 100 ಮಿಲಿಗ್ರೇಗಿಂತ ಕಡಿಮೆ ತಾಗಿದ್ದರೆ ವಿಕಿರಣದ ಕಾರಣಕ್ಕೆ ಗರ್ಭಪಾತ ಮಾಡಿಸುವುದು ಸರಿಯಲ್ಲ ಎಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಸ್ಪಷ್ಟವಾಗಿ ಹೇಳಿದೆ. ಯಾವ ಭಾಗದ ಎಕ್ಸ್-ರೇ, ಎಷ್ಟು ಫಿಲ್ಮ್, ಯಾವ ತಾರೀಕು, ಕೊನೆಯ ಮುಟ್ಟು ಯಾವಾಗ, ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಡಾಕ್ಟರಿಗೆ ಕೊಡಿ. ಒಂದಕ್ಕಿಂತ ಹೆಚ್ಚು ಸಿಟಿ ಆಗಿದ್ದರೆ ಆಸ್ಪತ್ರೆಯವರಿಂದ ಮಗುವಿಗೆ ತಾಗಿದ ಪ್ರಮಾಣದ ಲೆಕ್ಕವನ್ನೇ ಕೇಳಬಹುದು.

ಈಗ ಆ ಕೆಮ್ಮಿನ ಪ್ರಶ್ನೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ಐದು ತಿಂಗಳಾದರೂ ತೂಕ ಏರುತ್ತಿಲ್ಲ ಅಂದರೆ ಕ್ಷಯದ ಅನುಮಾನ ಬರಲೇಬೇಕು. ಮೊದಲು ಕಫ ಪರೀಕ್ಷೆಗೆ ಕಳಿಸುತ್ತಾರೆ, ಅದಕ್ಕೆ ವಿಕಿರಣವೇ ಇಲ್ಲ. ಆದರೆ ಎಷ್ಟೋ ಜನಕ್ಕೆ ಕಫವೇ ಬರುವುದಿಲ್ಲ, ಅಥವಾ ಕಫದಲ್ಲಿ ಸಿಗದ ರೋಗ ಶ್ವಾಸಕೋಶದಲ್ಲಿ ಇರುತ್ತದೆ. ಅಲ್ಟ್ರಾಸೌಂಡ್ ಇಲ್ಲಿ ಕೈಕೊಡುತ್ತದೆ, ಶ್ವಾಸಕೋಶ ಗಾಳಿ ತುಂಬಿದ ಅಂಗ. ಎಂಆರ್‌ಐಗೂ ಶ್ವಾಸಕೋಶ ಅಷ್ಟಾಗಿ ಒಗ್ಗುವುದಿಲ್ಲ, ದುಡ್ಡೂ ಜಾಸ್ತಿ. ಮುನ್ನೂರು ನಾನೂರು ರೂಪಾಯಿಯ, ಎರಡು ನಿಮಿಷದ ಎದೆ ಎಕ್ಸ್-ರೇ ಇಲ್ಲಿ ಎಲ್ಲ ಅಳತೆಗೋಲಲ್ಲೂ ಗೆಲ್ಲುತ್ತದೆ. ಬಿಟ್ಟರೆ ಆಗುವ ನಷ್ಟ ದೊಡ್ಡದು. ಚಿಕಿತ್ಸೆ ಇಲ್ಲದ ಕ್ಷಯದಿಂದ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು, ಹುಟ್ಟಿದ ಕೂಸಿಗೂ ಸೋಂಕು. ಕ್ಷಯದ ಮೊದಲ ಸಾಲಿನ ಮಾತ್ರೆಗಳನ್ನು ಬಸಿರಿನಲ್ಲೂ ಕೊಡುತ್ತಾರೆ, ಬಿಡುವುದು ಮಗುವಿನ ಕಿವಿಗೆ ಕೆಟ್ಟದಾದ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್.

ಎಕ್ಸ್-ರೇ ಕೋಣೆಗೆ ಬಂದ ತಕ್ಷಣ ಎಷ್ಟು ತಿಂಗಳು ಅಂತ ಹೇಳಿ, ಹೊಟ್ಟೆ ಕಾಣದಿದ್ದರೆ ನಮಗೆ ಗೊತ್ತಾಗುವುದಿಲ್ಲ. ತಾಳಿ, ಸರ ತೆಗೆದಿಡಿ, ಜಡೆಯನ್ನು ಮೇಲಕ್ಕೆ ಎತ್ತಿ ಕಟ್ಟಿ. ಜಡೆ ಭುಜದ ಮೇಲೆ ಬಿದ್ದಿದ್ದರೆ ಫಿಲ್ಮಿನಲ್ಲಿ ಶ್ವಾಸಕೋಶದ ತುದಿಯಲ್ಲಿ ಮಸುಕು ಕಲೆ ಬರುತ್ತದೆ. ಕ್ಷಯ ಕಾಣಿಸಿಕೊಳ್ಳುವುದೂ ಹೆಚ್ಚಾಗಿ ಅಲ್ಲೇ. ಆಗ ಇನ್ನೊಂದು ಸಲ ತೆಗೆಯಬೇಕು, ವಿಕಿರಣ ಎರಡು ಪಟ್ಟು. ಹೇಳಿದಾಗ ಉಸಿರು ಎಳೆದು ಹಿಡಿದುಕೊಳ್ಳುವುದೂ ಅದಕ್ಕೇ. ಹೊಟ್ಟೆಗೆ ಸೀಸದ ಏಪ್ರನ್ ಕಟ್ಟುತ್ತಾರಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮಲ್ಲಿ ಇನ್ನೂ ಕಟ್ಟುವ ರೂಢಿ ಇದೆ, ಮನಸ್ಸಿಗೂ ಸಮಾಧಾನ. ಆದರೆ ಮಗುವಿಗೆ ತಾಗುವ ಆ ಚೂರುಪಾರು ಹೆಚ್ಚಾಗಿ ದೇಹದ ಒಳಗಿನಿಂದಲೇ ಚದುರಿ ಬರುವುದು, ಏಪ್ರನ್ ಅದನ್ನು ತಡೆಯುವುದಿಲ್ಲ. ಹಾಗಾಗಿ 2019ರಿಂದ ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘ ಅದನ್ನು ಕಡ್ಡಾಯವಾಗಿ ಕಟ್ಟುವ ಪದ್ಧತಿ ಬಿಡಿ ಅನ್ನುತ್ತಿದೆ. ಏಪ್ರನ್ ಇಲ್ಲ ಅಂದ ಮಾತ್ರಕ್ಕೆ ಎದ್ದು ಹೋಗಬೇಡಿ.

ಎಂಆರ್‌ಐ: ವಿಕಿರಣ ಇಲ್ಲ, ಹಾಗಾದರೆ ಎಲ್ಲದಕ್ಕೂ ಇದೇ ಆಗಬಹುದಲ್ವಾ?

ಎಂಆರ್‌ಐ ನಡೆಯುವುದು ಕಾಂತ ಮತ್ತು ರೇಡಿಯೋ ಅಲೆಗಳಿಂದ. ಎಕ್ಸ್-ರೇಯ ಜಾತಿಯ ವಿಕಿರಣ ಇಲ್ಲ. ಮೊದಲ ಮೂರು ತಿಂಗಳಲ್ಲಿ ಬೇಡ ಅನ್ನುವ ಹಳೆಯ ಭಯ ಈಗ ಬಹಳ ಕಡಿಮೆಯಾಗಿದೆ. ಕೆನಡಾದ ಒಂಟಾರಿಯೋದಲ್ಲಿ ಲಕ್ಷಗಟ್ಟಲೆ ಹೆರಿಗೆಗಳ ದಾಖಲೆ ತೆಗೆದು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಮೂರು ತಿಂಗಳಲ್ಲಿ ಎಂಆರ್‌ಐ ಆದ ಮಕ್ಕಳಿಗೆ ಹೆಚ್ಚಿನ ತೊಂದರೆ ಕಾಣಲಿಲ್ಲ. ಅದೇ ಅಧ್ಯಯನ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿತು. ಚಿತ್ರ ಸ್ಪಷ್ಟವಾಗಲು ನರಕ್ಕೆ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಚುಚ್ಚಿ ಮಾಡಿದ ಎಂಆರ್‌ಐಗಳಲ್ಲಿ ಮಗು ಸತ್ತು ಹುಟ್ಟುವುದು ಮತ್ತು ಹುಟ್ಟಿದ ಮೇಲೆ ಕೆಲವು ಚರ್ಮದ, ಕೀಲಿನ ತೊಂದರೆಗಳು ಜಾಸ್ತಿ ಕಂಡವು. ಆ ಔಷಧಿ ಮಾಸು ದಾಟಿ ಮಗುವಿನ ಸುತ್ತಲಿನ ನೀರಿಗೆ ಸೇರುತ್ತದೆ. ಆದ್ದರಿಂದ ಬಸುರಿಗೆ ಎಂಆರ್‌ಐ ಬರೆದರೆ ಕೇಳಬೇಕಾದದ್ದು ಒಂದೇ: "ಕಾಂಟ್ರಾಸ್ಟ್ ಇಲ್ಲದೇ ತಾನೇ?"

ಎಲ್ಲದಕ್ಕೂ ಇದೇ ಯಾಕೆ ಅಲ್ಲ ಅಂದರೆ, ಖರ್ಚು ಆರರಿಂದ ಹತ್ತು ಸಾವಿರದ ಆಸುಪಾಸು, ತಾಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅರ್ಧ ಗಂಟೆ ಕೊಳವೆಯಲ್ಲಿ ಅಲುಗಾಡದೆ ಮಲಗಬೇಕು. ಐದು ತಿಂಗಳು ದಾಟಿದವರು ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ. ಎಡಕ್ಕೆ ಸ್ವಲ್ಪ ವಾಲಿಸಿ ಬೆನ್ನಿಗೆ ದಿಂಬು ಕೊಡಿ ಅಂತ ಕೇಳಿ, ಕೊಡುತ್ತಾರೆ. ಕೋಣೆಯ ಬಾಗಿಲಲ್ಲಿ ದೊಡ್ಡ ತಕರಾರು ಬರುವುದು ತಾಳಿಯದು. ಕಾಲುಂಗುರ, ಮೂಗುಬೊಟ್ಟು, ಹೇರ್‌ಪಿನ್, ಬಟ್ಟೆಯ ಪಿನ್ನು, ಎಲ್ಲ ಬಿಚ್ಚಲೇಬೇಕು. ತಾಳಿ ತೆಗೆಯಲು ಮನಸ್ಸಾಗದವರು ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ಅದರಿಂದ ನಮಗೂ ಚಿತ್ರಕ್ಕೂ ಏನೂ ತೊಂದರೆ ಇಲ್ಲ. ಮನೆಯಿಂದಲೇ ಕಟ್ಟಿಕೊಂಡು ಬಂದರೆ ಅಲ್ಲಿ ಗಲಾಟೆ ತಪ್ಪುತ್ತದೆ.

ಎಂಆರ್‌ಐ ನಿಜಕ್ಕೂ ಬೇಕಾಗುವ ಸಂದರ್ಭಗಳು ಕೆಲವೇ. ಮಗುವಿನ ಮೆದುಳಿನಲ್ಲಿ ನೀರಿನ ಜಾಗ ದೊಡ್ಡದಾಗಿದೆ ಎಂದು ಅನಾಮಲಿ ಸ್ಕ್ಯಾನಿನಲ್ಲಿ ಬಂದು, ಇನ್ನೂ ವಿವರ ಬೇಕಾದಾಗ. ಹಿಂದೆ ಸಿಸೇರಿಯನ್ ಆದವರಲ್ಲಿ ಮಾಸು ಹಳೆಯ ಗಾಯಕ್ಕೆ ಆಳವಾಗಿ ಅಂಟಿದೆಯಾ ಎಂಬ ಅನುಮಾನ ಅಲ್ಟ್ರಾಸೌಂಡಿನಲ್ಲಿ ಬಗೆಹರಿಯದಾಗ. ಎಂದೂ ಇಲ್ಲದ ತಲೆನೋವು ವಾಂತಿಯ ಜೊತೆ ದಿನೇದಿನೇ ಏರುತ್ತಿದ್ದರೆ, ಇಲ್ಲವೇ ಫಿಟ್ಸ್ ಬಂದರೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯಾ ನೋಡಲು. ಈ ಕೊನೆಯದನ್ನು ಕಾಂಟ್ರಾಸ್ಟ್ ಇಲ್ಲದೆಯೂ ನೋಡಬಹುದು. ಎಂಆರ್‌ಐ ಹತ್ತಿರದಲ್ಲಿ ಇಲ್ಲ ಅಂದರೆ ತಲೆಯ ಸಿಟಿಯನ್ನೇ ಮಾಡುತ್ತಾರೆ. ಕಿರಣ ತಲೆಗೆ ಬೀಳುವುದರಿಂದ ಮಗುವಿಗೆ ತಾಗುವುದು ಎದೆ ಎಕ್ಸ್-ರೇಯಷ್ಟೇ, ಜಾಸ್ತಿ ಅಂದರೆ 0.01.

ಬಲಗಡೆ ಹೊಟ್ಟೆನೋವು: ಮೂರೂ ಎದುರುಬದುರಾಗುವ ಜಾಗ

ಇದೊಂದನ್ನು ಪೂರ್ತಿ ಬಿಡಿಸುತ್ತೇನೆ, ಯಾಕೆಂದರೆ ಆಯ್ಕೆ ಕಷ್ಟವಾಗುವುದು ಇಲ್ಲೇ. ಆರು ತಿಂಗಳ ಬಸುರಿ ಅಂತ ಇಟ್ಟುಕೊಳ್ಳಿ, ಜಿಲ್ಲಾ ಕೇಂದ್ರದಿಂದ ಒಂದೂವರೆ ಗಂಟೆ ದೂರದ ಊರು. ನಿನ್ನೆ ರಾತ್ರಿ ಹೊಕ್ಕುಳ ಸುತ್ತ ಶುರುವಾದ ನೋವು ಬೆಳಿಗ್ಗೆ ಬಲಗಡೆ ನಿಂತಿದೆ, ಎರಡು ಸಲ ವಾಂತಿ, ಸಣ್ಣ ಜ್ವರ. ಮನೆಯಲ್ಲಿ ಗ್ಯಾಸ್ ಅಂತಾರೆ. ಡಾಕ್ಟರಿಗೆ ಅಪೆಂಡಿಕ್ಸ್ ಅನುಮಾನ.

ಬಸಿರಿನಲ್ಲಿ ಅಪೆಂಡಿಕ್ಸ್ ಪತ್ತೆ ಮಾಡುವುದು ನಿಜಕ್ಕೂ ಕಷ್ಟ. ಗರ್ಭಕೋಶ ಬೆಳೆದಂತೆ ಅದು ತನ್ನ ಜಾಗ ಬಿಟ್ಟು ಮೇಲಕ್ಕೆ ಸರಿಯುತ್ತದೆ, ನೋವು ಪಕ್ಕೆಯ ಕೆಳಗೂ ಕಾಣಿಸಬಹುದು. ರಕ್ತದಲ್ಲಿ ಬಿಳಿ ಕಣ ಏರಿದೆಯಾ ನೋಡೋಣ ಅಂದರೆ ಬಸುರಿಯರಲ್ಲಿ ಅದು ಸಹಜವಾಗಿಯೇ ಏರಿರುತ್ತದೆ. ವಾಂತಿಯಂತೂ ಎಲ್ಲರಿಗೂ ಇದ್ದದ್ದೇ.

ಮೊದಲ ಹೆಜ್ಜೆ ಅಲ್ಟ್ರಾಸೌಂಡ್, ಅದರಲ್ಲಿ ಎರಡು ಮಾತಿಲ್ಲ. ಅಲ್ಲೇ ಸಿಗುತ್ತದೆ, ಮಗು ಚೆನ್ನಾಗಿದೆಯಾ ಅಂತಲೂ ಗೊತ್ತಾಗುತ್ತದೆ, ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು, ಅಂಡಾಶಯದ ಗಂಟು ತಿರುಚಿಕೊಂಡಿದ್ದರೆ ಅದೂ ಕಾಣುತ್ತದೆ. ಪ್ರೋಬನ್ನು ಹೊಟ್ಟೆಗೆ ನಿಧಾನಕ್ಕೆ ಒತ್ತುತ್ತಾ ಹೋಗುತ್ತಾರೆ. ಒತ್ತಿದರೂ ಚಪ್ಪಟೆಯಾಗದ, 6 ಮಿಲಿಮೀಟರಿಗಿಂತ ದಪ್ಪದ ಕೊಳವೆ ಸಿಕ್ಕರೆ ಅಪೆಂಡಿಕ್ಸ್ ಊದಿದೆ ಎಂದರ್ಥ. ಅಲ್ಲಿಗೆ ಸ್ಕ್ಯಾನಿಂಗ್ ಮುಗಿಯಿತು, ಮುಂದಿನದು ಸರ್ಜನ್ ಕೆಲಸ.

ತುಂಬಿದ ಬಸಿರಿನಲ್ಲಿ ಬಹಳ ಸಲ ಹಾಗೆ ಸಿಗುವುದಿಲ್ಲ. ರಿಪೋರ್ಟಿನಲ್ಲಿ ಅಪೆಂಡಿಕ್ಸ್ ಕಾಣಲಿಲ್ಲ ಎಂದು ಬರೆದಿರುತ್ತಾರೆ. ಜನ ಎಡವುವುದು ಇಲ್ಲೇ. ಅದನ್ನು ನಾರ್ಮಲ್ ಅಂತ ಓದಿಕೊಂಡು ಮನೆಗೆ ಹೋಗಿಬಿಡುತ್ತಾರೆ. ಕಾಣಲಿಲ್ಲ ಅಂದರೆ ಗೊತ್ತಾಗಲಿಲ್ಲ ಅಂತ ಅಷ್ಟೇ. ನೋವು ಹಾಗೇ ಇದ್ದರೆ ಪ್ರಶ್ನೆಯೂ ಹಾಗೇ ಇದೆ.

ಈಗ ಎಂಆರ್‌ಐ. ಗಡಿಯಾರ ನೋಡಿ ತೀರ್ಮಾನಿಸುವ ವಿಷಯ ಇದು. ತಾಯಿಯ ನಾಡಿ, ಬಿಪಿ ಸರಿಯಾಗಿವೆ, ಹೊಟ್ಟೆ ಮೆತ್ತಗಿದೆ, ಜಿಲ್ಲಾ ಕೇಂದ್ರದಲ್ಲಿ ಇವತ್ತೇ ಕಾಂಟ್ರಾಸ್ಟ್ ಇಲ್ಲದ ಎಂಆರ್‌ಐ ಆಗುತ್ತದೆ, ಸರ್ಜನ್ನೂ ಪ್ರಸೂತಿ ತಜ್ಞರೂ ಅಲ್ಲೇ ಇದ್ದಾರೆ ಅಂದರೆ ಆಂಬುಲೆನ್ಸ್ ಹತ್ತುವುದೇ ಸರಿ. ಗರ್ಭಕೋಶ ಎಷ್ಟೇ ದೊಡ್ಡದಾಗಿದ್ದರೂ ಎಂಆರ್‌ಐಯಲ್ಲಿ ಅಪೆಂಡಿಕ್ಸ್ ಹೆಚ್ಚಾಗಿ ಕಾಣುತ್ತದೆ. ಊದಿಲ್ಲ ಅಂತ ಬಂದರೆ ಬೇಡದ ಆಪರೇಷನ್ ತಪ್ಪುತ್ತದೆ. ಆ ಎಂಟು ಸಾವಿರ ಇಲ್ಲಿ ಖರ್ಚು ಮಾಡಬೇಕಾದದ್ದೇ.

ಎಂಆರ್‌ಐ ಕೆಟ್ಟಿದೆ, ನಾಳೆ ಸೋಮವಾರ ಬನ್ನಿ ಅಂದರು ಅಂತ ಇಟ್ಟುಕೊಳ್ಳಿ. ನೋವು ಏರುತ್ತಿದೆ, ಹೊಟ್ಟೆ ಗಟ್ಟಿಯಾಗುತ್ತಿದೆ. ಆಗ ಕಾಯಬಾರದು. ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯಲ್ಲಿ ಹರಡಿದರೆ ಮಗುವನ್ನು ಕಳೆದುಕೊಳ್ಳುವ ಸಾಧ್ಯತೆ ಹಲವು ಪಟ್ಟು ಏರುತ್ತದೆ. ಈ ಹಂತದಲ್ಲಿ ಸಿಟಿ ಸ್ಕ್ಯಾನ್ ಸಮರ್ಥನೀಯ, ಅಥವಾ ಸರ್ಜನ್‌ಗೆ ಅನುಮಾನ ಗಟ್ಟಿಯಿದ್ದರೆ ಸ್ಕ್ಯಾನ್ ಇಲ್ಲದೆ ನೇರ ಆಪರೇಷನ್. ಹೊಟ್ಟೆಯ ಸಿಟಿಯಲ್ಲಿ ಮಗುವಿಗೆ 25 ಮಿಲಿಗ್ರೇಯ ಸುತ್ತಮುತ್ತ ತಾಗಬಹುದು, ಮಷಿನ್ ಮತ್ತು ಸೆಟ್ಟಿಂಗ್ ಮೇಲೆ ಹೆಚ್ಚು ಕಡಿಮೆ. ನಮ್ಮ ಎರಡು ಸಂಖ್ಯೆಯ ಪ್ರಕಾರ ಇದು ಒಂಬತ್ತು ತಿಂಗಳ ಸಹಜ ವಿಕಿರಣಕ್ಕಿಂತ ಬಹಳ ಜಾಸ್ತಿ, ಆದರೂ 50ರ ಒಳಗೆ. ಬಾಲ್ಯದ ಕ್ಯಾನ್ಸರ್ ಲೆಕ್ಕದಲ್ಲಿ 10,000ಕ್ಕೆ 20 ಇದ್ದದ್ದು ಸುಮಾರು 40 ಆಗಬಹುದು. ಸಣ್ಣದೇನಲ್ಲ, ಆದರೆ ಒಡೆದ ಅಪೆಂಡಿಕ್ಸ್ ಎದುರು ಇಟ್ಟರೆ ಯಾವ ಕಡೆ ವಾಲಬೇಕು ಅನ್ನೋದು ಸ್ಪಷ್ಟ. ಸಿಟಿಯಲ್ಲಿ ನರಕ್ಕೆ ಕೊಡುವ ಅಯೋಡಿನ್ ಕಾಂಟ್ರಾಸ್ಟ್ ಗ್ಯಾಡೊಲಿನಿಯಂ ಅಲ್ಲ, ಬೇಕಾದಾಗ ಬಸುರಿಗೂ ಕೊಡುತ್ತಾರೆ. ಒಂದೇ ಸುತ್ತಿನಲ್ಲಿ, ಕಡಿಮೆ ಡೋಸಿನಲ್ಲಿ ಮುಗಿಸಿ ಅಂತ ನೀವು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದು ನಮ್ಮ ಕೆಲಸವೇ.

ಅಪಘಾತದಲ್ಲಿ ಪೆಟ್ಟಾಗಿ ಬಂದವರ ವಿಷಯದಲ್ಲೂ ಇದೇ ತರ್ಕ. ಒಳಗೆ ರಕ್ತ ಸೋರುತ್ತಿದ್ದರೆ ಸಿಟಿಗೆ ಹಿಂದೆಮುಂದೆ ನೋಡುವುದಿಲ್ಲ.

ಬೇಡವೇ ಬೇಡ ಅನ್ನುವುದು ಯಾವುದು

ರೇಡಿಯೋ ಅಯೋಡಿನ್, ಅಂದರೆ ಥೈರಾಯ್ಡ್‌ಗೆ ಕುಡಿಸುವ ಅಯೋಡಿನ್-131. ಇದು ಮಾಸು ದಾಟಿ ಮಗುವಿನ ಥೈರಾಯ್ಡಿನಲ್ಲೇ ಕೂರುತ್ತದೆ, ಅದನ್ನು ಸುಡುತ್ತದೆ. ಇದಕ್ಕೆ ವಿನಾಯಿತಿ ಇಲ್ಲ. ಗ್ಯಾಡೊಲಿನಿಯಂ ಹೆಚ್ಚು ಕಡಿಮೆ ಬೇಡ, ತಾಯಿಯ ಚಿಕಿತ್ಸೆಯನ್ನೇ ಬದಲಿಸುವ ಉತ್ತರ ಬೇರೆ ಯಾವ ದಾರಿಯಲ್ಲೂ ಸಿಗದಿದ್ದರೆ ಮಾತ್ರ. ಉದ್ಯೋಗಕ್ಕೆ ಸೇರುವಾಗಿನ ಮೆಡಿಕಲ್, ಇಡೀ ದೇಹದ ತಪಾಸಣೆಯ ಪ್ಯಾಕೇಜು, ಇಂಥವುಗಳ ಎಕ್ಸ್-ರೇಗೆ ಡೋಸ್ ಎಷ್ಟೇ ಕಡಿಮೆ ಇರಲಿ, ಅವಸರ ಏನೂ ಇಲ್ಲ. ಬಸುರಿ ಅಂತ ಬರೆದುಕೊಟ್ಟು ಹೆರಿಗೆ ಆದ ಮೇಲೆ ಮಾಡಿಸಿ.

ಹೆರಿಗೆ ಆದ ಮೇಲೆ ಲೆಕ್ಕವೇ ಬದಲಾಗುತ್ತದೆ. ಬಾಣಂತಿಗೆ ಎಕ್ಸ್-ರೇ, ಸಿಟಿ ಆದರೆ ಹಾಲಿನಲ್ಲಿ ವಿಕಿರಣ ಉಳಿಯುವುದಿಲ್ಲ. ಕಾಂಟ್ರಾಸ್ಟ್ ಕೊಟ್ಟಿದ್ದರೂ ಹಾಲಿಗೆ ಇಳಿಯುವುದು ತೀರಾ ಕಡಿಮೆ, ಹಾಗಾಗಿ ಹಾಲು ಹಿಂಡಿ ಚೆಲ್ಲಬೇಕಾಗಿಲ್ಲ, ಸ್ಕ್ಯಾನ್ ಮುಗಿದ ಕೂಡಲೇ ಮಗುವಿಗೆ ಕುಡಿಸಬಹುದು. ಬಾಣಂತಿಯ ತಡೆಯಲಾರದ ತಲೆನೋವಿಗೆ "ಶೀತ ಹಿಡಿದಿದೆ, ತಲೆಗೆ ಬಟ್ಟೆ ಕಟ್ಟು" ಅಂತ ಕೂರಿಸಬೇಡಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಆ ಕಾಯಿಲೆ ಬಾಣಂತನದ ಮೊದಲ ವಾರಗಳಲ್ಲೇ ಹೆಚ್ಚು, ಆಗ ಯಾವ ಸ್ಕ್ಯಾನ್ ಬೇಗ ಸಿಗುತ್ತದೋ ಅದನ್ನೇ ಮಾಡಿಸಿ.